ತಲೆ ಮೇಲೆ ಮೂರು ಗಂಟು, ಯಾವುದನ್ನ ತೆಗೆಸ್ಬೇಕು, ಯಾವುದನ್ನ ಬಿಡ್ಬೇಕು

ಚರ್ಮರೋಗ ವಿಭಾಗದ ಜೊತೆ ಆಪ್ತಸಲಹೆ ಕೆಲಸ ಮಾಡ್ತೀನಿ, ಅಲ್ಲಿಗೆ ಬಂದ ಒಂದು ಪ್ರಕರಣ ಇದು. ಹೆಸರು, ಊರು, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ.

ನಲವತ್ತೇಳು ವರ್ಷದ ಹೆಂಗಸು, ಮನೇಲೇ ಟೈಲರಿಂಗ್ ಮಾಡ್ತಾರೆ. ತಲೆ ಮೇಲೆ ಮೂರು ಗಂಟು. ನೆತ್ತಿ ಮೇಲಿನದು ದೊಡ್ಡದು, ಎರಡೂವರೆ ಸೆಂಟಿಮೀಟರ್ ಇರಬಹುದು, ಹತ್ತು ವರ್ಷದಿಂದ ನಿಧಾನಕ್ಕೆ ಬೆಳೆದಿರೋದು. ಬಲ ಕಿವಿ ಹಿಂದೆ ಬಟಾಣಿ ಗಾತ್ರದ್ದು ಒಂದು. ಮೂರನೇದು ತಲೆ ಹಿಂಭಾಗದಲ್ಲಿ, ಅದು ಕೆಂಪಾಗಿ ಊದ್ಕೊಂಡು ಮುಟ್ಟೋಕೂ ಆಗದಷ್ಟು ನೋವು. ಮಗಳ ಮದುವೆಗೆ ಒಂದು ತಿಂಗಳು ಇತ್ತು. ಡಾಕ್ಟರು ಪರೀಕ್ಷೆ ಮಾಡಿ ಇವು ಪಿಲಾರ್ ಸಿಸ್ಟ್, ಕ್ಯಾನ್ಸರ್ ಅಲ್ಲ ಅಂತ ಹೇಳಿದ್ರೂ ಆಯಮ್ಮನಿಗೆ ಸಮಾಧಾನ ಆಗಿರ್ಲಿಲ್ಲ, ಅದಕ್ಕೇ ನನ್ನ ಹತ್ರ ಕಳಿಸಿದ್ರು.

"ಮೇಡಂ, ಮದುವೆಗೆ ಮುಂಚೆ ಮೂರನ್ನೂ ಒಂದೇ ಸಲಕ್ಕೆ ತೆಗೆದ್ಬಿಡಕ್ಕೆ ಹೇಳಿ, ಬೀಗರ ಕಡೆಯವರಿಗೆ ಗೊತ್ತಾದ್ರೆ ಏನಂದ್ಕೋತಾರೋ" ಅಂದ್ರು ಮೊದಲಿಗೇನೇ. ಸ್ವಲ್ಪ ಹೊತ್ತು ಮಾತಾಡಿದ್ಮೇಲೆ ನಿಜವಾದ ಭಯ ಹೊರಗೆ ಬಂತು. ಅವರ ಅಮ್ಮನಿಗೂ ತಲೆ ತುಂಬಾ ಇಂಥದ್ದೇ ಗಂಟು ಇದ್ವಂತೆ, ಅಮ್ಮ ಬೇರೆ ಯಾವುದೋ ಕಾಯಿಲೆಯಿಂದ ತೀರ್ಕೊಂಡ್ರು, ಆದ್ರೆ ಊರಲ್ಲಿ ಯಾರೋ "ಆ ಗಂಟೇ ಒಳಗೆ ಇಳೀತು" ಅಂದಿದ್ರಂತೆ. ಆ ಮಾತು ಇಷ್ಟು ವರ್ಷ ಇವರ ಮನಸ್ಸಲ್ಲಿ ಕೂತ್ಬಿಟ್ಟಿದೆ.

ಅದಕ್ಕೆ ಶುರು ಮಾಡಿದ್ದು ಅಮ್ಮನ ವಿಷಯದಿಂದಲೇ. ಪಿಲಾರ್ ಸಿಸ್ಟ್ ಅನ್ನೋದು ಕೂದಲಿನ ಬೇರಿನ ಸುತ್ತ ಇರೋ ಪೊರೆಯಿಂದ ಹುಟ್ಟೋ ಒಂದು ಚೀಲ, ಒಳಗೆ ಕೆರಾಟಿನ್ ತುಂಬ್ಕೊಳ್ಳತ್ತೆ, ಅಂದ್ರೆ ಕೂದಲು ಉಗುರು ಯಾವುದರಿಂದ ಆಗಿರುತ್ತೋ ಅದೇ ವಸ್ತು. ಹತ್ತರಲ್ಲಿ ಒಂಬತ್ತು ಪಾಲು ತಲೆ ಮೇಲೇ ಬರೋದು, ಹೆಂಗಸರಲ್ಲಿ ಜಾಸ್ತಿ, ಮನೆತನದಲ್ಲಿ ಹರಿದು ಬರೋದೂ ತುಂಬಾ ಸಾಮಾನ್ಯ. ಚರ್ಮದಲ್ಲೇ ಇರುತ್ತೆ, ತಲೆಬುರುಡೆ ದಾಟಿ ಮೆದುಳಿಗೆ ಇಳಿಯಲ್ಲ. ಬೆರಳಿಂದ ಒತ್ತಿ ಸರಿಸಿ ನೋಡಿ ಅಂದೆ, ನೆತ್ತಿ ಮೇಲಿನದು ನುಣ್ಣಗೆ ಗಟ್ಟಿಯಾಗಿ ಮೂಳೆ ಮೇಲೆ ಸಲೀಸಾಗಿ ಅತ್ತಿತ್ತ ಸರೀತು. ಅದನ್ನ ತಾವೇ ಮುಟ್ಟಿ ನೋಡಿದ್ಮೇಲೆ ಆಯಮ್ಮನ ಮುಖ ಸ್ವಲ್ಪ ಸಡಿಲ ಆಯ್ತು. ತಲೆಗೆ ಎಣ್ಣೆ ಹಚ್ಚದೆ ಇದ್ದದ್ದಕ್ಕೆ ಬಂತಾ, ಶಾಂಪೂನಿಂದ ಬಂತಾ ಅಂತ ಕೇಳಿದ್ರು. ಎರಡೂ ಕಾರಣ ಅಲ್ಲ.

ಆಮೇಲೆ ಮೂರೂ ಗಂಟಿನ ಬಗ್ಗೆ ಬೇರೆ ಬೇರೆಯಾಗಿ ಮಾತಾಡಿದ್ವಿ, ಯಾಕಂದ್ರೆ ತೆಗೆಸ್ಬೇಕಾ ಬೇಡ್ವಾ ಅನ್ನೋದು ಪ್ರತಿ ಗಂಟಿಗೂ ಬೇರೆ ಪ್ರಶ್ನೆ.

ಕಿವಿ ಹಿಂದಿನದು ನೋವಿಲ್ಲ, ತೊಂದ್ರೆ ಇಲ್ಲ, ಐದು ವರ್ಷದಿಂದ ಅಷ್ಟೇ ಇದೆ. ಅದನ್ನ ಬಿಟ್ಬಿಡೋದೇ ಸರಿ. ಡಾಕ್ಟರು ಅಳತೆ ತಗೊಂಡು ಚೀಟಿಯಲ್ಲಿ ಬರೆದಿಟ್ಟಿದ್ರು, ಮುಂದೆ ಹೋಲಿಸಿ ನೋಡೋಕೆ ಅದು ಸಾಕು.

ನೆತ್ತಿ ಮೇಲಿನದು ತೆಗೆಸೋಕೆ ನ್ಯಾಯವಾದ ಕಾರಣ ಇತ್ತು. ದಿನಾ ಬಾಚಣಿಗೆ ಸಿಕ್ಕಿ ಮೇಲಿನ ಚರ್ಮ ಗೀರಿ ರಕ್ತ ಬರ್ತಿತ್ತು, ಸ್ಕೂಟಿ ಓಡಿಸುವಾಗ ಹೆಲ್ಮೆಟ್ ಒತ್ತಿ ನೋವು ಅಂತ ಹೆಲ್ಮೆಟ್ ಹಾಕೋದೇ ಬಿಟ್ಟಿದ್ರು (ಅದು ನನಗೆ ಗಂಟಿಗಿಂತ ದೊಡ್ಡ ಚಿಂತೆ ಅನ್ಸಿತು), ಗಂಟಿನ ಮೇಲೆ ಕೂದಲೂ ತೆಳು ಆಗಿತ್ತು. ಚಿಕ್ಕದಿದ್ದಾಗ ತೆಗೆದ್ರೆ ಗಾಯನೂ ಚಿಕ್ಕದು, ಬೆಳೀತಾ ಹೋದ ಹಾಗೆ ಗಾಯ ಉದ್ದ ಆಗತ್ತೆ, ಆ ಜಾಗದಲ್ಲಿ ಕೂದಲಿಲ್ಲದ ಗೆರೆ ಉಳಿಯೋ ಸಾಧ್ಯತೆನೂ ಜಾಸ್ತಿ.

ಹಿಂಭಾಗದ್ದು ತೆಗೆಸ್ಬೇಕು, ಆದ್ರೆ ಈಗಲ್ಲ. ವಿಚಾರಿಸಿದಾಗ ಗೊತ್ತಾಯ್ತು, ಯಾರೋ ಹೇಳಿದ್ರು ಅಂತ ಸೂಜಿ ಕಾಯಿಸಿ ಚುಚ್ಚಿ ಹಿಂಡಿದಾರೆ, ಬಿಳೀ ಗಟ್ಟಿ ಹಿಟ್ಟಿನ ಥರದ್ದು ಸ್ವಲ್ಪ ಬಂತಂತೆ, ಎರಡು ದಿನಕ್ಕೆ ಕೆಂಪಾಗಿ ಊದ್ಕೊಂಡಿತು. ಚುಚ್ಚಿದಾಗ ಚೀಲ ಒಡೆದು ಒಳಗಿನ ಕೆರಾಟಿನ್ ಚರ್ಮದೊಳಗೆ ಸೋರತ್ತೆ, ದೇಹ ಅದಕ್ಕೆ ಜೋರಾಗಿ ಪ್ರತಿಕ್ರಿಯೆ ಕೊಡತ್ತೆ, ಮೇಲಿಂದ ಸೋಂಕು ಆಗಿದ್ರೆ ಕೀವೂ ಕಟ್ಟತ್ತೆ. ಇಂಥ ಸಮಯದಲ್ಲಿ ಚೀಲದ ಗೋಡೆ ಸುತ್ತಲಿನ ಚರ್ಮಕ್ಕೆ ಅಂಟ್ಕೊಂಡು ಹರಿದು ಹರಿದು ಬರತ್ತೆ, ಒಂದು ಚೂರು ಗೋಡೆ ಒಳಗೆ ಉಳಿದ್ರೂ ಗಂಟು ಮತ್ತೆ ಬರಬಹುದು. ಹಾಗಾಗಿ ಮೊದಲು ಊತ ಇಳೀಲಿ, ನಾಲ್ಕರಿಂದ ಆರು ವಾರ ಬಿಟ್ಟು ತೆಗೆಯೋಣ ಅನ್ನೋದು ಡಾಕ್ಟರ ತೀರ್ಮಾನ. ಕೀವು ಕಟ್ಟಿದ್ರೆ ಮಾತ್ರ ಕೊಯ್ದು ಹೊರಗೆ ಬಿಡ್ತಾರೆ, ಅದು ತಾತ್ಕಾಲಿಕ ಅಷ್ಟೇ, ಚೀಲ ಒಳಗೇ ಇರತ್ತೆ. ಮದುವೆಗೆ ಮುಂಚೆ ಇದನ್ನ ತೆಗೆಸೋ ಯೋಚನೆ ಬಿಡಿ ಅಂತ ನೇರವಾಗೇ ಹೇಳಿದೆ. ಜ್ವರ ಬಂದ್ರೆ ಅಥವಾ ಕೆಂಪು ಹರಡ್ತಾ ಹೋದ್ರೆ ಮಾತ್ರ ದಿನ ಕಾಯದೆ ಬರ್ಬೇಕು.

ಆಪರೇಷನ್ ಅಂದ ತಕ್ಷಣ ತಲೆ ಪೂರ್ತಿ ಬೋಳಿಸ್ತಾರೆ ಅಂತ ಅಂದ್ಕೊಂಡಿದ್ರು, ಹಿಂಜರಿಕೆಗೆ ಅರ್ಧ ಕಾರಣ ಅದೇ. ನೆತ್ತಿ ಗಂಟಿಗೆ ಆ ಜಾಗಕ್ಕೆ ಮಾತ್ರ ಮರಗಟ್ಟೋ ಇಂಜೆಕ್ಷನ್, ಕೂದಲನ್ನ ಪಕ್ಕಕ್ಕೆ ಸರಿಸಿ ಬೇಕಾದ್ರೆ ಒಂದು ಪಟ್ಟಿಯಷ್ಟು ಕತ್ತರಿಸ್ತಾರೆ, ಚಿಕ್ಕದಾಗಿ ಕೊಯ್ದು ಸುತ್ತ ಬಿಡಿಸಿದ್ರೆ ಹಿತಕುವಾಗ ಅವರೆಕಾಳು ಜಾರಿ ಬರೋ ಹಾಗೆ ಗಂಟು ಚೀಲದ ಸಮೇತ ಇಡಿಯಾಗಿ ಬರತ್ತೆ. ಪಿಲಾರ್ ಸಿಸ್ಟಿನ ಗೋಡೆ ದಪ್ಪ, ಕೆದಕದೆ ಇದ್ದಿದ್ರೆ ಸುಲಭಕ್ಕೆ ಹರಿಯಲ್ಲ. ಆಮೇಲೆ ಹೊಲಿಗೆ, ಅದನ್ನ ಏಳರಿಂದ ಹತ್ತು ದಿನಕ್ಕೆ ಬಿಚ್ತಾರೆ. ಅದೇ ದಿನ ಮನೆಗೆ. ತಲೆ ಚರ್ಮದಲ್ಲಿ ರಕ್ತನಾಳ ಜಾಸ್ತಿ, ಅವತ್ತು ಸ್ವಲ್ಪ ರಕ್ತ ಒಸರಿದ್ರೆ ಗಾಬರಿ ಬೇಡ, ಶುದ್ಧವಾದ ಬಟ್ಟೆ ಇಟ್ಟು ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡೀಬೇಕು, ಆಗಲೂ ನಿಲ್ಲದಿದ್ರೆ ಆಸ್ಪತ್ರೆಗೆ. ಆಯಮ್ಮನಿಗೆ ಶುಗರ್ ಇತ್ತು, ಅದನ್ನ ಡಾಕ್ಟರಿಗೆ ಹೇಳಿರ್ಲಿಲ್ಲ, ಗಾಯ ಮಾಯೋದಕ್ಕೂ ಸೋಂಕಿಗೂ ಸಂಬಂಧ ಇರೋದ್ರಿಂದ ವಾಪಸ್ ಕಳಿಸಿ ಹೇಳಿಸಿದೆ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರೂ ಮೊದಲೇ ಹೇಳ್ಬೇಕು, ತಾವೇ ಮಾತ್ರೆ ನಿಲ್ಲಿಸ್ಬಾರ್ದು.

ನೆತ್ತಿ ಗಂಟಿಗೂ ಮದುವೆ ಮುಗಿದ್ಮೇಲೇ ಬನ್ನಿ ಅಂತ ಸಲಹೆ ಕೊಟ್ಟೆ. ಹತ್ತು ವರ್ಷ ಇದ್ದದ್ದು ಇನ್ನೊಂದೆರಡು ತಿಂಗಳಿಗೆ ಕೆಡಲ್ಲ, ಹೊಸ ಗಾಯದ ಮೇಲೆ ಹೂವು, ಹೇರ್‌ಪಿನ್ನು ಚುಚ್ಕೊಂಡು ಮದುವೆಮನೇಲಿ ಓಡಾಡೋದು ಬೇಡ. ಬೀಗರ ವಿಷಯಕ್ಕೆ, ಅಂಟೋ ಕಾಯಿಲೆ ಅಲ್ಲ, ಮುಚ್ಚಿಡೋ ಅಗತ್ಯ ಇಲ್ಲ, ಕರೆದು ಹೇಳೋ ಅಗತ್ಯನೂ ಇಲ್ಲ, ಕೇಳಿದ್ರೆ "ತಲೆ ಮೇಲೆ ಕೊಬ್ಬಿನ ಗಂಟಲ್ಲ, ಕೂದಲಿನ ಬೇರಿನ ಗಂಟು, ಏನೂ ಅಪಾಯ ಇಲ್ಲ" ಅಂತ ಹೇಳಿ ಅಂದೆ.

ಮದುವೆ ಆದ್ಮೇಲೆ ಬಂದು ನೆತ್ತಿದೂ ಹಿಂಭಾಗದ್ದೂ ತೆಗೆಸ್ಕೊಂಡ್ರು. ಹಿಂಭಾಗದ್ದು ತೆಗೆಯೋದು ಸ್ವಲ್ಪ ಕಷ್ಟ ಆಯ್ತಂತೆ, ಕಲೆನೂ ದೊಡ್ಡದಾಗಿ ಉಳಿದಿದೆ. ಎರಡನ್ನೂ ಲ್ಯಾಬಿಗೆ ಕಳಿಸಿದ್ರು, ಪಿಲಾರ್ ಸಿಸ್ಟ್ ಅಂತಲೇ ರಿಪೋರ್ಟ್ ಬಂತು. ತುಂಬಾ ಅಪರೂಪಕ್ಕೆ, ಹೆಚ್ಚಾಗಿ ವಯಸ್ಸಾದ ಹೆಂಗಸರಲ್ಲಿ, ಇಂಥ ಗಂಟು ಬೇರೆ ಥರ ಬೆಳೆಯೋಕೆ ಶುರು ಮಾಡತ್ತೆ, ಅದಕ್ಕೇ ತೆಗೆದದ್ದನ್ನ ಪರೀಕ್ಷೆಗೆ ಕಳಿಸೋದು. ಉಳಿದಿರೋ ಕಿವಿ ಹಿಂದಿನ ಗಂಟು ಕೆಲವೇ ತಿಂಗಳಲ್ಲಿ ಜೋರಾಗಿ ಬೆಳೆದ್ರೆ, ಮೇಲೆ ಹುಣ್ಣಾಗಿ ಮಾಯದೆ ಇದ್ರೆ, ಅಥವಾ ಸರಿಯೋದು ನಿಂತು ಕೆಳಗೆ ಕಚ್ಕೊಂಡ್ರೆ ತಕ್ಷಣ ಬನ್ನಿ ಅಂತ ಹೇಳಿದೆ.

ಮಗಳೂ ಜೊತೆಗೆ ಬಂದಿದ್ಲು, "ನನಗೂ ಬರತ್ತಾ?" ಅಂತ ಕೇಳಿದ್ಲು. ಮನೆತನದಲ್ಲಿ ಹರಿಯೋ ಥರದ್ದಾದ್ರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಇರತ್ತೆ, ತಡೆಯೋಕೆ ಔಷಧಿ ಇಲ್ಲ, ಈಗ ಯಾವ ಟೆಸ್ಟೂ ಬೇಡ, ಬಂದ್ರೆ ಚುಚ್ಚಬೇಡ, ತೋರಿಸು ಅಂತ ಹೇಳಿ ಕಳಿಸಿದೆ.