ಆಡಿಟ್ ಕಮಿಟಿಯ ಹಾಜರಿ ಪಟ್ಟಿ ತೆಗೆದು ನೋಡಿ

ಪ್ರಶ್ನೆ: ಮುಂಬೈಗೆ ಬಂದ ಮೇಲೆ ಷೇರು ಕೊಳ್ಳೋಕೆ ಶುರು ಮಾಡಿದ್ದೇನೆ. ವಾರ್ಷಿಕ ವರದಿಯಲ್ಲಿ ಕಾರ್ಪೊರೇಟ್ ಗವರ್ನೆನ್ಸ್ ರಿಪೋರ್ಟ್ ಅಂತ ಪುಟಗಟ್ಟಲೆ ಇರುತ್ತೆ. ಕಮಿಟಿಗಳು, ಸ್ವತಂತ್ರ ನಿರ್ದೇಶಕರು... ಇದರಲ್ಲಿ ಏನು ನೋಡಬೇಕು?

ನಾನು ಫೋರ್ಟ್‌ನಲ್ಲಿ ಒಬ್ಬ ಕಂಪನಿ ಸೆಕ್ರೆಟರಿಯವರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಇಂಥ ರಿಪೋರ್ಟ್ ದಿನವೂ ಕೈಗೆ ಬರುತ್ತದೆ. ಮೊದಲು ಚೇರ್ಮನ್ ಯಾರು ಅಂತ ನೋಡಿ. ಅವರು ಪ್ರೊಮೋಟರ್, ಅಂದರೆ ಕಂಪನಿಯ ಹಿಡಿತ ಇಟ್ಟುಕೊಂಡಿರುವವರು, ಇಲ್ಲವೇ ಅವರ ಸಂಬಂಧಿ ಆಗಿದ್ದರೆ ಅಥವಾ ಕಂಪನಿಯಲ್ಲಿ ದಿನನಿತ್ಯದ ಅಧಿಕಾರ ನಡೆಸುವವರಾಗಿದ್ದರೆ, ಬೋರ್ಡಿನಲ್ಲಿ ಕನಿಷ್ಠ ಅರ್ಧ ಜನ ಸ್ವತಂತ್ರ ನಿರ್ದೇಶಕರು, ಅಂದರೆ ಪ್ರೊಮೋಟರ್ ಜೊತೆ ನಂಟಿಲ್ಲದ ಹೊರಗಿನವರು, ಇರಬೇಕು. ಇಲ್ಲದಿದ್ದರೆ ಮೂರನೇ ಒಂದು ಭಾಗ ಸಾಕು. ಇದು ಸೆಬಿಯ 2015ರ ನಿಯಮ.

ಆಮೇಲೆ ನೇರ ಆಡಿಟ್ ಕಮಿಟಿಗೆ ಹೋಗಿ, ಅದು ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳೋ ಬೋರ್ಡಿನ ಕಮಿಟಿ. ಪ್ರೊಮೋಟರ್ ತನ್ನದೇ ಇನ್ನೊಂದು ಕಂಪನಿ ಜೊತೆ ವ್ಯವಹಾರ ಮಾಡಬೇಕಾದರೆ ಈ ಕಮಿಟಿಯ ಒಪ್ಪಿಗೆ ಬೇಕು, ಕಮಿಟಿಯಲ್ಲಿ ಆ ಒಪ್ಪಿಗೆ ಕೊಡೋರು ಸ್ವತಂತ್ರ ನಿರ್ದೇಶಕರು ಮಾತ್ರ. ಸಣ್ಣ ಷೇರುದಾರನ ದುಡ್ಡು ಕಾಯೋ ಜಾಗ ಇದೇ.

ಒಂದು ಉದಾಹರಣೆ ಹೇಳುತ್ತೇನೆ, ಇದು ನಾನೇ ಕಟ್ಟಿದ್ದು. ಕಮಿಟಿಯಲ್ಲಿ 3 ಜನ: ಇಬ್ಬರು ಸ್ವತಂತ್ರರು, ಒಬ್ಬರು ಪ್ರೊಮೋಟರ್ ಮಗ. ಮೂರರಲ್ಲಿ ಎರಡು ಭಾಗ ಸ್ವತಂತ್ರರಿರಬೇಕು, ಅದು ಸರಿಯಾಗಿದೆ. ವರ್ಷಕ್ಕೆ ಕನಿಷ್ಠ 4 ಸಭೆ ಬೇಕು, ಇಲ್ಲಿ 5 ಆಗಿವೆ. ಹಾಜರಿ ನೋಡಿ: ಒಬ್ಬ ಸ್ವತಂತ್ರ ನಿರ್ದೇಶಕರು 5ಕ್ಕೆ 5, ಇನ್ನೊಬ್ಬರು 5ಕ್ಕೆ 3. ಸುಮ್ನೆ ಗೈರುಹಾಜರಿ ಅಂತ ಮುಂದೆ ಹೋಗಬೇಡಿ. ಈ ಕಮಿಟಿಯ ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಹಾಜರಿಗೆ, ಕನಿಷ್ಠ ಇಬ್ಬರು ಸ್ವತಂತ್ರ ನಿರ್ದೇಶಕರು ಹಾಜರಿರಲೇಬೇಕು. ಕಮಿಟಿಯಲ್ಲಿ ಇರೋದೇ ಇಬ್ಬರು. ಹಾಗಾದರೆ ಆ ಎರಡು ಸಭೆ ನಡೆದದ್ದು ಹೇಗೆ? ವಿಡಿಯೋ ಕಾಲ್‌ನಲ್ಲಿ ಬಂದಿದ್ದರೂ ಹಾಜರಿ ಅಂತಲೇ ಲೆಕ್ಕ, ಆದ್ದರಿಂದ ಅದು ಉತ್ತರವಲ್ಲ.

ಹೆಚ್ಚಾಗಿ ಉತ್ತರ ಪಟ್ಟಿಯ ಕೆಳಗಿನ ಸಣ್ಣಕ್ಷರದಲ್ಲಿ ಸಿಗುತ್ತದೆ. 5ಕ್ಕೆ 3 ಇರುವವರು ವರ್ಷದ ನಡುವೆ ಸೇರಿರಬಹುದು. ಆಗ ಅವರ ಜಾಗದಲ್ಲಿ ಮುಂಚೆ ಇದ್ದವರ ಹೆಸರೂ ಇರಬೇಕು, ಆ ಹೆಸರಿನ ಮುಂದೆ ಉಳಿದ 2 ಸಭೆ ಕಾಣಬೇಕು. ಲೆಕ್ಕ ಕೂಡದಿದ್ದರೆ ಕಂಪನಿ ಸೆಕ್ರೆಟರಿಗೆ ಇಮೇಲ್ ಹಾಕಿ ಕೇಳಿ. ಷೇರುದಾರರಾಗಿ ನೀವು ಕೇಳಬಹುದು, ಅಲ್ವಾ?

ಮುಂಚೆ ಇದ್ದವರು ಯಾಕೆ ಹೋದರು ಅನ್ನೋದೂ ಮುಖ್ಯ. ಸತತ ಎರಡು ಅವಧಿ, ಅಂದರೆ ಹೆಚ್ಚೆಂದರೆ 10 ವರ್ಷ ಮುಗಿದಿದ್ದರೆ ಅದು ಸಹಜ. ಅವಧಿಗೆ ಮುಂಚೆ ಬಿಟ್ಟಿದ್ದರೆ ವಿವರವಾದ ಕಾರಣ ಈ ರಿಪೋರ್ಟಿನಲ್ಲೇ ಇರಬೇಕು, ಬೇರೆ ಮುಖ್ಯ ಕಾರಣವಿಲ್ಲ ಅನ್ನೋ ಅವರ ಖಾತರಿಯೂ ಜೊತೆಗಿರಬೇಕು. “ವೈಯಕ್ತಿಕ ಕಾರಣ” ಅಂತ ಇದ್ದರೆ, ಬೇರೆ ಕಂಪನಿಗಳ ಬೋರ್ಡಿನಲ್ಲಿ ಅವರು ಮುಂದುವರಿದಿದ್ದಾರಾ ನೋಡಿ. ಆ ಕಂಪನಿಗಳ ರಿಪೋರ್ಟಿನಲ್ಲಿ ಅದು ಸಿಗುತ್ತದೆ. ಇಲ್ಲಿ ಮಾತ್ರ ಬಿಟ್ಟಿದ್ದರೆ, ನಾನಾದರೆ ಪ್ರೊಮೋಟರ್‌ನ ಬೇರೆ ಕಂಪನಿಗಳಂಥ ಸಂಬಂಧಿತರ ಜೊತೆ ಆ ವರ್ಷ ನಡೆದ ವ್ಯವಹಾರಗಳ ಪಟ್ಟಿಯನ್ನು ಸಾಲು ಸಾಲಾಗಿ ಓದುತ್ತೇನೆ.