ಬಾಟಲಿಯೊಳಗೆ ಎತ್ತರ ಇರೋದಿಲ್ಲ

ಪ್ರಶ್ನೆ: ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಈಗಾಗಲೇ ತನ್ನ ಪಾಲಿನ ಶಾಖವನ್ನೆಲ್ಲ ಹೀರ್ತಾ ಇದೆ ಅಂತ ಓದಿದೆ. ಹಾಗಾದ್ರೆ ಇನ್ನೂ ಸೇರಿದ್ರೆ ಬಿಸಿ ಯಾಕೆ ಏರ್ಬೇಕು? ಮಗಳು ಮಡಿಕೇರಿಯ ವಿಜ್ಞಾನ ಮೇಳದಲ್ಲಿ ಹಸಿರುಮನೆ ಪರಿಣಾಮ ತೋರಿಸ್ಬೇಕು. ಗಾಜಿನ ಪೆಟ್ಟಿಗೆ ಮಾಡಿಸ್ಲಾ, ಗ್ಯಾಸ್ ತುಂಬಿದ ಬಾಟಲಿ ಇಡಿಸ್ಲಾ?

ಎರಡೂ ಬೇಡ. ಬಾಟಲಿಯಂತೂ ಖಂಡಿತ ಬೇಡ.

ಹೈಸ್ಕೂಲಿನಲ್ಲಿದ್ದಾಗ ನಾನೂ ಮಡಿಕೇರಿಯ ಮೇಳಕ್ಕೆ ಎರಡು ಬಾಟಲಿ ಹೊತ್ತುಕೊಂಡು ಹೋಗಿದ್ದೆ. ಒಂದರಲ್ಲಿ ಬರೀ ಗಾಳಿ. ಇನ್ನೊಂದರಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿ ಹಿಡಿದ ಗ್ಯಾಸ್. ಮುಚ್ಚಳಕ್ಕೆ ತೂತು ಕೊರೆದು ಥರ್ಮಾಮೀಟರ್ ಇಳಿಬಿಟ್ಟು, ಎರಡಕ್ಕೂ ಒಂದೇ ಬಲ್ಬಿನ ಬೆಳಕು ಬೀಳುವ ಹಾಗೆ ಇಟ್ಟಿದ್ದೆ. ಗ್ಯಾಸ್ ಬಾಟಲಿ ಸ್ವಲ್ಪ ಜಾಸ್ತಿ ಬಿಸಿಯಾಯಿತು. ಸೋಡಾ ಹೆಚ್ಚಿಸಿ ಮತ್ತೆ ಮಾಡಿದರೆ ಪಾದರಸ ಅಲ್ಲಿಂದ ಮೇಲೇಳಲೇ ಇಲ್ಲ. ಸರಿ, ಚಾರ್ಟಿನ ಕೊನೆಗೆ ದಪ್ಪ ಅಕ್ಷರದಲ್ಲಿ ಬರೆದೆ: "ಒಂದು ಮಿತಿ ದಾಟಿದ ಮೇಲೆ ಗ್ಯಾಸ್ ಎಷ್ಟು ಸೇರಿದರೂ ವ್ಯತ್ಯಾಸವಿಲ್ಲ."

ತೀರ್ಪುಗಾರರಲ್ಲಿ ಒಬ್ಬರು ವಯಸ್ಸಾದ ಮೇಷ್ಟ್ರು. ಚಾರ್ಟನ್ನು ಪೂರ್ತಿ ಓದಿ, "ನಿನ್ನ ಬಾಟಲಿಯ ಬುಡದಲ್ಲೂ ಕುತ್ತಿಗೆಯಲ್ಲೂ ಎಷ್ಟೆಷ್ಟು ಡಿಗ್ರಿ ಇದೆ ಮಗಾ?" ಅಂತ ಕೇಳಿದರು. ಒಂದೇ ಸರ್ ಅಂದೆ. "ಬುಡದ ಕಕ್ಕಬ್ಬೆಯಲ್ಲೂ ತಡಿಯಂಡಮೋಳ್ ಬೆಟ್ಟದ ತುದಿಯಲ್ಲೂ ಒಂದೇ ಇರುತ್ತಾ?" ಅಂದರು. ಉತ್ತರ ಹೊಳೆಯಲಿಲ್ಲ. ಮುಂದಿನ ಹಂತಕ್ಕೆ ಆಯ್ಕೆಯೂ ಆಗಲಿಲ್ಲ. ಆ ಪ್ರಶ್ನೆಯೊಳಗೇ ನೀವು ಕೇಳಿದ್ದಕ್ಕೂ ಉತ್ತರ ಇದೆ ಅಂತ ಕಾಲೇಜಿಗೆ ಬಂದಮೇಲೆ ಗೊತ್ತಾಯಿತು.

ನಾನು ತಪ್ಪಿದ್ದು ಎಲ್ಲಿ ಅಂದರೆ, ಇಡೀ ವಾತಾವರಣವನ್ನು ಒಂದೇ ಹಾಳೆ ಅಂತ ಲೆಕ್ಕ ಹಾಕಿದ್ದೆ. ನೆಲದಿಂದ ಎದ್ದ ಶಾಖಕಿರಣವನ್ನು ಹಾಳೆ ತಡೆಯುತ್ತದೆ, ಪೂರ್ತಿ ತಡೆದಾದ ಮೇಲೆ ಇನ್ನೊಂದು ಹಾಳೆ ಹಾಕಿ ಏನು ಪ್ರಯೋಜನ? 1900ರಲ್ಲಿ ಸ್ವೀಡನ್ನಿನ ಕ್ನುಟ್ ಆಂಗ್‌ಸ್ಟ್ರಾಮ್ ಕೂಡ ಹೀಗೇ ಯೋಚಿಸಿದ. ಅವನ ಸಹಾಯಕ ಒಂದು ಕೊಳವೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಶಾಖಕಿರಣ ಹಾಯಿಸಿದ. ಆಮೇಲೆ ಗ್ಯಾಸನ್ನು ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿ ನೋಡಿದ. ಹೀರಿಕೆ ಹೆಚ್ಚುಕಮ್ಮಿ ಅಷ್ಟೇ ಇತ್ತು.  ಆದರೆ ಕೊಳವೆಗೂ ನನ್ನ ಬಾಟಲಿಗೂ ಎತ್ತರ ಇಲ್ಲ. ಒಳಗೆಲ್ಲ ಒಂದೇ ಬಿಸಿ, ಒಂದೇ ಸಾಂದ್ರತೆ. ಮರುವರ್ಷವೇ, 1901ರಲ್ಲಿ, ಅದೇ ದೇಶದ ನಿಲ್ಸ್ ಎಕ್‌ಹಾಲ್ಮ್ ಸರಿಯಾದ ಕಡೆ ಬೆರಳಿಟ್ಟ: ನೆಲದಿಂದ ಎಷ್ಟು ಶಾಖ ಹೀರಲ್ಪಡುತ್ತದೆ ಅನ್ನೋದಕ್ಕಿಂತ, ಕೊನೆಗೆ ಯಾವ ಎತ್ತರದಿಂದ ಆಕಾಶಕ್ಕೆ ಬಿಡುಗಡೆಯಾಗುತ್ತದೆ ಅನ್ನೋದನ್ನು ನೋಡಬೇಕು.

ಗ್ಯಾಸು ಶಾಖವನ್ನು ಹೀರಿ ಸುಮ್ನೆ ಕೂರುವುದಿಲ್ಲ. ತನ್ನ ಬಿಸಿಗೆ ತಕ್ಕಂತೆ ಮೇಲಕ್ಕೂ ಕೆಳಕ್ಕೂ ತಾನೇ ಕಿರಣ ಬಿಡುತ್ತದೆ. ಮೇಲಿನ ಪದರ ಅದನ್ನು ಹೀರಿ ಮತ್ತೆ ಬಿಡುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗಿ, ಒಂದು ಎತ್ತರ ದಾಟಿದ ಮೇಲೆ ಬಿಟ್ಟ ಕಿರಣವನ್ನು ಹಿಡಿಯೋಕೆ ಸಾಕಷ್ಟು ಗ್ಯಾಸೇ ಉಳಿದಿರುವುದಿಲ್ಲ. ಭೂಮಿಯ ಶಾಖ ಆಚೆ ಹೋಗೋದು ಅಲ್ಲಿಂದ.

ಬೆಳಿಗ್ಗೆ ರಾಜಾಸೀಟಿನಲ್ಲಿ ನಿಂತು ಕಣಿವೆ ತುಂಬಿದ ಮಂಜನ್ನು ನೋಡಿರ್ತೀರಿ. ಕಣ್ಣಿಗೆ ಬೀಳೋದು ಮಂಜಿನ ಮೇಲ್ಮೈ ಮಾತ್ರ, ಕೆಳಗಿನ ಗದ್ದೆ ಕಾಣಲ್ಲ. ಗದ್ದೆಯಂತೂ ಆಗಲೇ ಮುಚ್ಚಿಹೋಗಿದೆ. ಆದರೂ ಇನ್ನಷ್ಟು ಮಂಜು ಸೇರಿದರೆ ಆ ಮೇಲ್ಮೈ ಇನ್ನೂ ಮೇಲಕ್ಕೆ ಬರುತ್ತದೆ ಅಲ್ವಾ? ಶಾಖಕಿರಣವನ್ನು ನೋಡಬಲ್ಲ ಕಣ್ಣಿದ್ದು ಮೇಲಿನಿಂದ ಭೂಮಿಯನ್ನು ನೋಡಿದರೂ ಹೀಗೇ. 1970ರಲ್ಲಿ ಹಾರಿಸಿದ ನಿಂಬಸ್ 4 ಉಪಗ್ರಹದಲ್ಲಿ ಅಂಥ ಒಂದು ಉಪಕರಣ ಇತ್ತು. ಕಾರ್ಬನ್ ಡೈಆಕ್ಸೈಡ್ ಜೋರಾಗಿ ಹೀರುವ 15 ಮೈಕ್ರಾನ್ ಉದ್ದದ ಅಲೆಯ ಆಸುಪಾಸಿನಲ್ಲಿ ಅದಕ್ಕೆ ಬೆಚ್ಚಗಿನ ನೆಲ ಕಾಣಲಿಲ್ಲ, ಮೈನಸ್ 50 ಡಿಗ್ರಿಯ ಹತ್ತಿರದ ಮೇಲಿನ ಗಾಳಿ ಕಂಡಿತು.

ಈಗ ಲೆಕ್ಕಕ್ಕೆ ಬನ್ನಿ. ಹಗಲು ರಾತ್ರಿ ಎಲ್ಲ ಸೇರಿಸಿ ಸರಾಸರಿ ತೆಗೆದರೆ ಭೂಮಿಯ ಒಂದು ಚದರ ಮೀಟರಿಗೆ ಸುಮಾರು 340 ವ್ಯಾಟ್ ಬಿಸಿಲು ಬರುತ್ತದೆ. ಮೋಡ, ಹಿಮ, ಮರಳು ಅದರಲ್ಲಿ ಸುಮಾರು 100 ವ್ಯಾಟನ್ನು ವಾಪಸ್ ಕಳಿಸುತ್ತವೆ. ಉಳಿಯೋದು 240. ಅಷ್ಟನ್ನೇ ಭೂಮಿ ಶಾಖವಾಗಿ ಹೊರಗೆ ಬಿಡಬೇಕು, ಇಲ್ಲದಿದ್ದರೆ ಬಿಸಿ ಕೂಡುತ್ತಾ ಹೋಗುತ್ತದೆ. 240 ವ್ಯಾಟ್ ಬಿಡೋಕೆ ಮೈನಸ್ 18 ಡಿಗ್ರಿಯ ಮೈ ಸಾಕು. ಆದರೆ ಕೈಗಾರಿಕೆ ಶುರುವಾಗೋ ಮುಂಚೆಯೇ ನೆಲದ ಸರಾಸರಿ 14 ಡಿಗ್ರಿಯ ಹತ್ತಿರ ಇತ್ತು. ಮೇಲೆ ಹೋದಂತೆ ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಚಳಿ ಏರುತ್ತದೆ ಅಂದುಕೊಂಡರೆ ಮೈನಸ್ 18 ಸಿಗೋದು ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ. ಶಾಖ ಬಿಡುಗಡೆಯಾಗೋ ಸರಾಸರಿ ಎತ್ತರ ಅದೇ.

ಕಾರ್ಬನ್ ಡೈಆಕ್ಸೈಡ್ ಎರಡು ಪಟ್ಟಾಯಿತು ಅನ್ನಿ. ಈ ಎತ್ತರ ಸುಮಾರು 150 ಮೀಟರ್ ಮೇಲೆ ಹೋಗುತ್ತದೆ. ಅಲ್ಲಿ ಒಂದು ಡಿಗ್ರಿ ಚಳಿ ಜಾಸ್ತಿ, ಚಳಿಯಾದ ಗಾಳಿ ಬಿಡೋ ಶಾಖ ಕಮ್ಮಿ. 240ರ ಬದಲು 236 ವ್ಯಾಟ್ ಮಾತ್ರ ಹೊರಗೆ ಹೋಗುತ್ತದೆ. ಬರೋದು ಮಾತ್ರ ಅಷ್ಟೇ ಬರ್ತಾ ಇದೆ. ಉಳಿದ ಸುಮಾರು 4 ವ್ಯಾಟ್ ಸಮುದ್ರಕ್ಕೂ ನೆಲಕ್ಕೂ ಗಾಳಿಗೂ ಸೇರುತ್ತಾ ಹೋಗುತ್ತದೆ. ಆ ಹೊಸ ಎತ್ತರ ಮತ್ತೆ ಮೈನಸ್ 18ಕ್ಕೆ ಬರೋವರೆಗೂ ಇದು ನಿಲ್ಲಲ್ಲ. ಮೇಲೆ ಒಂದು ಡಿಗ್ರಿ ಏರಿದರೆ ಅದರ ಜೊತೆ ಕೆಳಗೂ ಒಂದು ಡಿಗ್ರಿ ಏರುತ್ತದೆ. ಇದು ಬರೀ ಕಾರ್ಬನ್ ಡೈಆಕ್ಸೈಡಿನ ಲೆಕ್ಕ. ಬಿಸಿ ಗಾಳಿ ನೀರಾವಿಯನ್ನು ಜಾಸ್ತಿ ಹಿಡಿಯುತ್ತದೆ, ನೀರಾವಿಯೂ ಶಾಖ ಹೀರುತ್ತದೆ, ಮೋಡ ಮತ್ತು ಹಿಮವೂ ಬದಲಾಗುತ್ತವೆ. ಹಾಗಾಗಿ ಕೊನೆಗೆ ಒಟ್ಟು ಏರಿಕೆ 3 ಡಿಗ್ರಿಯ ಆಸುಪಾಸಿಗೆ ಬರುತ್ತದೆ ಅಂತ ವಿಜ್ಞಾನಿಗಳ ಅಂದಾಜು.

ನೀವು ಓದಿದ್ದರಲ್ಲಿ ಅರ್ಧ ನಿಜವೂ ಇದೆ. 15 ಮೈಕ್ರಾನಿನ ನಟ್ಟನಡುವೆ ಹೀರಿಕೆ ತುಂಬಿಹೋಗಿದೆ. ಆದರೆ ಅದರ ಎರಡೂ ಅಂಚುಗಳಲ್ಲಿ ಗ್ಯಾಸ್ ಅರೆಬರೆ ಹೀರುತ್ತದೆ. ಗ್ಯಾಸ್ ಸೇರಿದಂತೆ ಆ ಅಂಚು ಹೊರಕ್ಕೆ ಹರಡುತ್ತದೆ. ಅದಕ್ಕೇ ಪರಿಣಾಮ ನೇರವಾಗಿ ಏರಲ್ಲ, ಒಂದೊಂದು ದ್ವಿಗುಣಕ್ಕೂ ಒಂದೇ ಅಳತೆಯ ಮೆಟ್ಟಿಲು. ಕೈಗಾರಿಕೆ ಶುರುವಾಗೋ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280 ಪಾಲು ಇದ್ದ ಕಾರ್ಬನ್ ಡೈಆಕ್ಸೈಡ್ ಈಗ 420 ದಾಟಿದೆ. ಮೊದಲ ಮೆಟ್ಟಿಲಿನ ಅರ್ಧಕ್ಕಿಂತ ಜಾಸ್ತಿ ಹತ್ತಿಯಾಗಿದೆ.

ಗಾಜಿನ ಪೆಟ್ಟಿಗೆ ಯಾಕೆ ಬೇಡ ಅಂದೆ ಅಂದರೆ, ಅದು ಬಿಸಿಯಾಗೋದು ಮುಖ್ಯವಾಗಿ ಒಳಗಿನ ಬಿಸಿಗಾಳಿ ಎದ್ದು ಹೋಗೋಕೆ ದಾರಿ ಇಲ್ಲ ಅಂತ. ಕಾಫಿ ಒಣಗಿಸೋ ಪಾಲಿಥೀನ್ ಮನೆ ನೋಡಿ. ಸಾದಾ ಪಾಲಿಥೀನ್ ಶಾಖಕಿರಣವನ್ನು ಬಹುಪಾಲು ಆಚೆ ಬಿಡುತ್ತದೆ, ಆದರೂ ಒಳಗೆ ಧಗೆ. ಬಾಗಿಲು ತೆಗೆದು ಗಾಳಿ ಆಡಿಸಿದರೆ ಇಳಿಯುತ್ತದೆ. ನನ್ನ ಗ್ಯಾಸ್ ಬಾಟಲಿ ಬಿಸಿಯಾದದ್ದೂ ಹೀಗೇ, ಭಾರದ ಗ್ಯಾಸು ಮೇಲಿನ ಗಾಳಿಯ ಜೊತೆ ಬೇಗ ಬೆರೆಯಲ್ಲ. ಶಾಖಕಿರಣವನ್ನೇ ಹೀರದ ಆರ್ಗಾನ್ ತುಂಬಿದರೂ ಬಾಟಲಿ ಹಾಗೇ ಬಿಸಿಯಾಗುತ್ತದೆ.

ಮಗಳಿಗೆ ಒಂದು ದೊಡ್ಡ ಚಾರ್ಟ್ ಮಾಡಿಸಿ. ಒಂದು ಕಡೆ ನೆಲದಿಂದ 10 ಕಿಲೋಮೀಟರ್‌ವರೆಗೆ ಎತ್ತರ, ಇನ್ನೊಂದು ಕಡೆ ಉಷ್ಣತೆ, ನಡುವೆ ಓರೆಯಾದ ಗೆರೆ. 5 ಕಿಲೋಮೀಟರ್ ಹತ್ತಿರ ಮೇಲೆ ಕೆಳಗೆ ಜಾರುವ ಒಂದು ಕಾಗದದ ಪಟ್ಟಿ. ಓರೆಗೆರೆಯನ್ನು ಬೇರೆ ಪಾರದರ್ಶಕ ಹಾಳೆ ಮೇಲೆ ಬರೆದರೆ ಅದನ್ನೂ ಸರಿಸಬಹುದು. ಮೊದಲು ಪಟ್ಟಿ ಮೇಲಕ್ಕೆ, ಆಮೇಲೆ ಗೆರೆ ಬಲಕ್ಕೆ. ಅಳತೆಗೆ ಸರಿಯಾಗಿ ಸರಿಸಿದರೆ ಕಣ್ಣಿಗೆ ಕಾಣೋದೇ ಇಲ್ಲ, ಆದ್ದರಿಂದ ಹತ್ತು ಪಟ್ಟು ಹಿಗ್ಗಿಸಿ ತೋರಿಸಲಿ, ಹಿಗ್ಗಿಸಿದ್ದೇನೆ ಅಂತ ಪಕ್ಕದಲ್ಲೇ ಬರೆಯಲಿ. ತೀರ್ಪುಗಾರರು ಮೊದಲು ಕೇಳೋದೇ ಅದನ್ನು.