ಬೆನ್ನಿಗೆ ಬಿದ್ದರೂ ಇಪ್ಪಾನ್ ಯಾಕೆ ಕೊಡಲಿಲ್ಲ?

"ಕಲಬುರಗಿಯಲ್ಲಿ ಮಗನ ಮೊದಲ ಜೂಡೋ ಮ್ಯಾಚ್ ನೋಡಿದೆ. ಎದುರಾಳಿಯನ್ನು ಬೆನ್ನಿಗೆ ಬೀಳಿಸಿದ, ಆದರೂ ಆಟ ನಿಲ್ಲಲಿಲ್ಲ. ಮುಂದಿದ್ದವನು ಕೊನೆಗೆ ಸೋತ! ಹೇಗೆ?"

ರೆಫರಿಯ ಕೈ ನೆನಪಿದೆಯಾ? ನೆಟ್ಟಗೆ ಮೇಲೆತ್ತಿದರೆ ಇಪ್ಪಾನ್, ಅಲ್ಲಿಗೆ ಆಟ ಮುಗಿಯಿತು. ಭುಜದ ಮಟ್ಟಕ್ಕೆ ಪಕ್ಕಕ್ಕೆ ಚಾಚಿದರೆ ವಜಾ-ಅರಿ, ಅಂದರೆ ಇಪ್ಪಾನ್‌ಗಿಂತ ಚಿಕ್ಕ ಪಾಯಿಂಟ್; ಆಟ ಮುಂದುವರಿಯುತ್ತೆ.

ಇಪ್ಪಾನ್‌ಗೆ ಬೆನ್ನು ತಾಗಿದರೆ ಸಾಲದು. ವೇಗ, ಜೋರು, ಕೊನೆವರೆಗೂ ಹಿಡಿತ, ಮೂರೂ ಬೇಕು. ಟ್ರ್ಯಾಕ್ಟರ್‌ನಿಂದ ತೊಗರಿ ಚೀಲ ದೊಪ್ಪನೆ ಬಿದ್ದ ಹಾಗೆ ಬೀಳಬೇಕು. ಎದುರಾಳಿ ಮೆಲ್ಲಗೆ ಬೆನ್ನಿಗೆ ಒರಗಿದ್ದರೆ ನಿಮ್ಮ ಮಗನಿಗೆ ಸಿಕ್ಕಿದ್ದು ವಜಾ-ಅರಿ ಇರಬೇಕು. ಅಂಥವು ಎರಡು ಸೇರಿದರೆ ಇಪ್ಪಾನ್. ವಜಾ-ಅರಿಗಿಂತಲೂ ಚಿಕ್ಕದು ಯುಕೊ, 2025ರಲ್ಲಿ ಮತ್ತೆ ಬಂತು. ಅದು ಎಷ್ಟಾದರೂ ವಜಾ-ಅರಿ ಆಗಲ್ಲ.

ಇನ್ನು ಸೋಲು. ಮುಂದಿರುವವರು ಸಾಮಾನ್ಯವಾಗಿ ಮಾಡುವ ತಪ್ಪೇ ಇದು: ಉಳಿದ ಸಮಯ ಸುಮ್ನೆ ತಪ್ಪಿಸಿಕೊಂಡು ಓಡಾಡುವುದು. ಪಟ್ಟು ಹಾಕದಿದ್ದರೆ ಒಂದು ಶಿಡೊ, ಅಂದರೆ ದಂಡ. ಬೇಕಂತಲೇ ಗೆರೆ ದಾಟಿದರೆ ಇನ್ನೊಂದು. ಬೀಳಿಸುವ ಮನಸ್ಸಿಲ್ಲದೆ ಸುಳ್ಳು ದಾಳಿ ಮಾಡಿದರೆ ಮೂರನೆಯದು. ಮೊದಲೆರಡರಿಂದ ಎದುರಾಳಿಗೆ ಪಾಯಿಂಟ್ ಹೋಗಲ್ಲ, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಮೂರನೆಯದಕ್ಕೆ ಹನ್ಸೊಕು-ಮಾಕೆ. ವಜಾ-ಅರಿ ಕೈಯಲ್ಲಿದ್ದರೂ ನೇರ ಸೋಲು. ಮುಂದಿನ ಸಲ ಬೋರ್ಡ್‌ನಲ್ಲಿ ಪಾಯಿಂಟ್ ಜೊತೆ ಶಿಡೊದ ಹಳದಿ ಗುರುತನ್ನೂ ಎಣಿಸಿ.